ಆರು ತಿಂಗಳ ಬಿಪಿ ಆರು ವರ್ಷ ಆಗಿದ್ದು ಹೇಗೆ: ಒಂದು ಕ್ಲೇಮ್ ಮೇಲ್ಮನವಿ

ಪುಣೆಯ ಭೋಸರಿ ಕಡೆ ಇರೋ ಒಂದು ವಿಜಯಪುರದ ಕುಟುಂಬದ ಪ್ರಕರಣ ಇದು, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ಆಕೆನ ಕಮಲಕ್ಕ ಅಂತ ಕರೆಯೋಣ. ಗಂಡನಿಗೆ 51 ವರ್ಷ, ಫ್ಯಾಕ್ಟರಿ ಕೆಲಸ. ಫೆಬ್ರವರಿ 2025 ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ರು, ಬಿಲ್ 2,86,000 ರೂಪಾಯಿ. ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಜುಲೈ 2022 ರಿಂದ ಒಂದ್ ಸಲಾನೂ ತಪ್ಪದೆ ರಿನೀವ್ ಆಗಿದೆ. ಏಪ್ರಿಲ್‌ನಲ್ಲಿ ಕ್ಲೇಮ್ ರಿಜೆಕ್ಟ್ ಆಯ್ತು.

ನನ್ನ ಹತ್ರ ಅವರು ಬಂದಿದ್ದು ಇನ್ಶೂರೆನ್ಸ್ ವಿಷಯಕ್ಕಲ್ಲ, ಮನೇಲಿ ಮಾತು ನಿಂತುಹೋಗಿತ್ತು ಅದಕ್ಕೆ. ಆವತ್ತು ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಓಡಿದ್ದು ಕಮಲಕ್ಕನ ತಮ್ಮ. ರಿಜೆಕ್ಷನ್ ಲೆಟರ್‌ನಲ್ಲಿ "ಡಿಸ್ಚಾರ್ಜ್ ಸಮ್ಮರಿ ಪ್ರಕಾರ ರೋಗಿಗೆ ಆರು ವರ್ಷದಿಂದ ರಕ್ತದೊತ್ತಡ ಇದೆ, ಪಾಲಿಸಿ ತಗೊಳ್ಳೋವಾಗ ತಿಳಿಸಿಲ್ಲ" ಅಂತ ಬಂದಾಗ ಎಲ್ರೂ ಅವನ ಮೇಲೇ ಹರಿಹಾಯ್ದಿದ್ರು. "ಇವ ಕ್ಯಾಜುವಾಲ್ಟಿಯೊಳಗ ಏನರೆ ಹೇಳ್ಯಾನ್ರಿ ಅಕ್ಕಾವ್ರ, ಇವನ ಬಾಯಿಂದನ ರೊಕ್ಕ ಹೋತು" ಅಂದ್ರು ಕಮಲಕ್ಕ. ಪಕ್ಕದಲ್ಲೇ ಕೂತಿದ್ದ ಹುಡುಗ ತಲೆ ಎತ್ತಲಿಲ್ಲ.

ಅವರು ಆಗ್ಲೇ ಬರೆದಿಟ್ಟಿದ್ದ ಮೂರು ಪುಟದ ಲೆಟರ್ ಓದಿದೆ. ಮೊದಲ ಎರಡು ಪುಟ ಸಂಕಟ, ಸಾಲ, ಮಗಳ ಫೀಸು. ಮೂರನೇ ಪುಟದಲ್ಲಿ "ಬಿಪಿಗೂ ಹಾರ್ಟ್ ಅಟ್ಯಾಕಿಗೂ ಸಂಬಂಧ ಇಲ್ಲ" ಅನ್ನೋ ವಾದ. ಈ ವಾದ ಬೇಡ ಅಂತ ಮೊದಲು ಹೇಳ್ದೆ. ಬಿಪಿ ಇದ್ರೆ ಹೃದಯಕ್ಕೆ ಅಪಾಯ ಜಾಸ್ತಿ ಅಂತ ಯಾವ ಡಾಕ್ಟರ್ ಆದ್ರೂ ಹೇಳ್ತಾರೆ, ಕಂಪನಿ ಡಾಕ್ಟರ್ ಅದನ್ನ ಒಂದೇ ಸಾಲಲ್ಲಿ ಮುಗಿಸ್ತಾರೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಹಾಗೆ ವಾದ ಮಾಡಿದ್ರೆ ಆರು ವರ್ಷದ ಬಿಪಿ ಇತ್ತು ಅಂತ ನಾವೇ ಒಪ್ಪಿದ ಹಾಗೆ ಆಗತ್ತೆ.

ಅಷ್ಟಕ್ಕೂ ಬಿಪಿ ಯಾವಾಗ ಗೊತ್ತಾಗಿದ್ದು ಅಂತ ಕೇಳಿದ್ರೆ ಆಗಸ್ಟ್ 2024, ಫ್ಯಾಮಿಲಿ ಡಾಕ್ಟರ್ ನೋಡಿ ಮಾತ್ರೆ ಶುರು ಮಾಡಿದ್ದು ಆಗ್ಲೇ. ಹಾಗಾದ್ರೆ ಆರು ವರ್ಷ ಎಲ್ಲಿಂದ ಬಂತು? ತಮ್ಮನ್ನ ಒಬ್ಬನ್ನೇ ಕೂರಿಸ್ಕೊಂಡು ಕೇಳ್ದೆ. "ನಾ ಮರಾಠಿಯೊಳಗ ಸಹಾ ಮಹಿನೆ ಅಂತನ ಹೇಳೀನ್ರಿ ಮೇಡಂ, ವರ್ಷ ಅಂತ ಯಾಕ ಅನ್ಲಿ" ಅಂದ, ಕಣ್ಣಲ್ಲಿ ನೀರು ಬಂತು.

ಆಸ್ಪತ್ರೆಯಿಂದ ಇನ್‌ಡೋರ್ ಕೇಸ್ ಪೇಪರ್ಸ್ ತರಿಸಿ ಅಂದೆ. ತುಂಬಾ ಜನ ಡಿಸ್ಚಾರ್ಜ್ ಸಮ್ಮರಿಗೇ ನಿಂತುಬಿಡ್ತಾರೆ, ಅದು ಕೊನೇ ದಿನ ಯಾರೋ ಟೈಪ್ ಮಾಡಿದ್ದು, ಒಳಗಿನ ಕೇಸ್ ಪೇಪರ್‌ನಲ್ಲಿ ಆಯಾ ಹೊತ್ತಿಗೆ ಕೈಯಲ್ಲಿ ಬರೆದ ನೋಟ್ಸ್ ಇರತ್ತೆ. ರೋಗಿ ಅರ್ಜಿ ಕೊಟ್ರೆ 72 ಗಂಟೆ ಒಳಗೆ ದಾಖಲೆ ಕೊಡ್ಬೇಕು ಅಂತ ವೈದ್ಯರ ನೀತಿ ನಿಯಮ 2002 ರಲ್ಲೇ ಇದೆ, ಅರ್ಜಿಯಲ್ಲಿ ಅದನ್ನ ಬರೆದ್ವಿ, ಸಿಕ್ತು. ಕ್ಯಾಜುವಾಲ್ಟಿ ಹಾಳೆಯಲ್ಲಿ ಓರೆ ಅಕ್ಷರದಲ್ಲಿ ಹೀಗಿತ್ತು: "ಎಚ್‌ಟಿಎನ್ 6/12". ಡಾಕ್ಟರ್‌ಗಳ ಶಾರ್ಟ್‌ಹ್ಯಾಂಡ್‌ನಲ್ಲಿ ಎಚ್‌ಟಿಎನ್ ಅಂದ್ರೆ ಬಿಪಿ, 6/12 ಅಂದ್ರೆ ಹನ್ನೆರಡರಲ್ಲಿ ಆರು, ಅಂದ್ರೆ ಆರು ತಿಂಗಳು. ದಿನಕ್ಕೆ 7 ಹಾಕ್ತಾರೆ, ವಾರಕ್ಕೆ 52. ಟೈಪ್ ಮಾಡಿದವರು 6 ನೋಡಿ ವರ್ಷ ಅಂತ ಹಾಕಿದಾರೆ. ಆ ಹಾಳೆ ನೋಡಿದ ಮೇಲೆ ಕಮಲಕ್ಕ ತಮ್ಮನ ಕೈ ಹಿಡ್ಕೊಂಡ್ರು, ಇಬ್ರೂ ಏನೂ ಮಾತಾಡ್ಲಿಲ್ಲ, ನಾನು ಚಹಾ ತರೋ ನೆಪದಲ್ಲಿ ಹೊರಗೆ ಬಂದೆ.

ಒಂದು ಕೆಲಸ ಮಾತ್ರ ಮಾಡ್ಬೇಡಿ ಅಂದೆ. ಹಳೇ ಸಮ್ಮರಿ ತಿದ್ದಿಸಿ ಹಳೇ ತಾರೀಖಲ್ಲೇ ಹೊಸದು ಕೊಡಿ ಅಂತ ಆಸ್ಪತ್ರೆನ ಕೇಳ್ಬೇಡಿ. ಕಂಪನಿ ಹತ್ರ ಮೊದಲ ಪ್ರತಿ ಇದೆ, ಎರಡು ಬೇರೆ ಬೇರೆ ಕಂಡ್ರೆ ಮೋಸ ಅನ್ನೋ ಅನುಮಾನ ಬರತ್ತೆ, ಆಮೇಲೆ ನಿಜ ಹೇಳಿದ್ರೂ ನಂಬೋದು ಕಷ್ಟ. ಟ್ರೀಟ್ ಮಾಡಿದ ಕಾರ್ಡಿಯಾಲಜಿಸ್ಟ್ ಹತ್ರ ಇವತ್ತಿನ ತಾರೀಖು ಹಾಕಿ ಬೇರೆ ಸರ್ಟಿಫಿಕೇಟ್ ತಗೊಳ್ಳಿ: ಮೂಲ ನೋಟ್‌ನಲ್ಲಿ ಇರೋದು ಆರು ತಿಂಗಳು, ಸಮ್ಮರಿಯಲ್ಲಿ ವರ್ಷ ಅಂತ ಬಂದಿದ್ದು ಟೈಪಿಂಗ್ ತಪ್ಪು, ಅಂತ. ಸಹಿ, ರಿಜಿಸ್ಟ್ರೇಶನ್ ನಂಬರ್, ಸೀಲ್ ಇರ್ಬೇಕು.

ಆಮೇಲೆ ಲೆಟರ್ ಹೊಸದಾಗಿ ಬರೆದ್ವಿ, ಎರಡೇ ಪುಟ. ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ, ಪಾಲಿಸಿ ನಂಬರ್ ಕ್ಲೇಮ್ ನಂಬರ್ ಮೇಲೇ. ಮೊದಲ ಪ್ಯಾರಾದಲ್ಲಿ ಅವರು ರಿಜೆಕ್ಟ್ ಮಾಡಿದ ಸಾಲನ್ನ ಅಕ್ಷರ ಬಿಡದೆ ಹಾಗೇ ಹಾಕಿ, "ಈ ನಿರ್ಧಾರಕ್ಕೆ ಇರೋ ಆಧಾರ ಡಿಸ್ಚಾರ್ಜ್ ಸಮ್ಮರಿಯ ಒಂದು ಸಾಲು ಮಾತ್ರ, ಆ ಸಾಲು ತಪ್ಪು" ಅಂತ ಬರೆದ್ವಿ. ಓದೋ ಅಧಿಕಾರಿಗೆ ಜಗಳ ಯಾವುದರ ಮೇಲೆ ಅಂತ ಅಲ್ಲೇ ಗೊತ್ತಾಗ್ಬೇಕು.

ಆಮೇಲೆ ಪಾಲಿಸಿಯ ಡೆಫಿನಿಷನ್. ಮುಂಚೆಯಿಂದ ಇದ್ದ ಕಾಯಿಲೆ ಅಂದ್ರೆ ಪಾಲಿಸಿ ಶುರುವಾಗೋಕೆ ಮುಂಚಿನ ಇಂತಿಷ್ಟು ತಿಂಗಳ ಒಳಗೆ ಡಾಕ್ಟರ್ ಪತ್ತೆ ಮಾಡಿದ್ದು, ಇಲ್ಲಾ ಸಲಹೆ ಚಿಕಿತ್ಸೆ ಆಗಿದ್ದು. ಇವರದ್ರಲ್ಲಿ 36 ತಿಂಗಳು, ಹಳೇ ಪಾಲಿಸಿಗಳಲ್ಲಿ 48 ಇರತ್ತೆ, ನಿಮ್ಮ ಪುಸ್ತಕದಲ್ಲಿ ಇರೋದನ್ನೇ ಷರತ್ತಿನ ನಂಬರ್ ಸಮೇತ ಬರೀಬೇಕು. ಷರತ್ತು ಮೊದಲು ಯಾಕೆ ಅಂದ್ರೆ ಆಮೇಲೆ ಬರೋ ಪ್ರತಿಯೊಂದು ತಾರೀಖನ್ನೂ ಓದೋರು ಅದಕ್ಕೇ ಹೋಲಿಸಿ ನೋಡ್ತಾರೆ.

ಅದರ ಕೆಳಗೆ ತಾರೀಖಿನ ಪ್ರಕಾರ ಸಂಗತಿಗಳು. ಮಾರ್ಚ್ 2022, ಫ್ಯಾಕ್ಟರಿಯ ವಾರ್ಷಿಕ ಹೆಲ್ತ್ ಚೆಕಪ್, ಬಿಪಿ 122/80. ಜುಲೈ 2022, ಪಾಲಿಸಿ ಶುರು. ಮಾರ್ಚ್ 2024, ಅದೇ ಚೆಕಪ್, 126/82. ಆಗಸ್ಟ್ 2024, ಫ್ಯಾಮಿಲಿ ಡಾಕ್ಟರ್ ಹತ್ರ ಎರಡು ಸಲ 160/100, ಆಮ್ಲೋಡಿಪಿನ್ 5 ಎಂಜಿ ಮೊದಲ ಚೀಟಿ. ಫೆಬ್ರವರಿ 2025, ಅಡ್ಮಿಟ್, ಕೇಸ್ ಪೇಪರ್‌ನಲ್ಲಿ 6/12. ಪ್ರತಿ ಸಾಲಿನ ಮುಂದೆ ಲಗತ್ತಿನ ನಂಬರ್. ಫ್ಯಾಕ್ಟರಿ ರಿಪೋರ್ಟ್ ಇದ್ದಿದ್ದು ದೊಡ್ಡ ಪುಣ್ಯ, ಕ್ಲೇಮ್‌ಗೋಸ್ಕರ ಮಾಡಿಸಿದ ಕಾಗದ ಅಲ್ಲ ಅದು. ಕೊನೆಗೆ ಬೇಡಿಕೆ: ಇಷ್ಟು ರೂಪಾಯಿ ಕೊಡಿ, ಇಲ್ಲ ಅಂದ್ರೆ ಆರು ವರ್ಷಕ್ಕೆ ನಿಮ್ಮ ಹತ್ರ ಇರೋ ಬೇರೆ ದಾಖಲೆ ಕೊಡಿ, ಕ್ಲೇಮ್ ರಿವ್ಯೂ ಕಮಿಟಿ ಒಪ್ಪಿಗೆ ಇದ್ಯಾ ತಿಳಿಸಿ. ಕಮಿಟಿ ಒಪ್ಪದೆ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ ಮೇ 2024 ರ ಮಾಸ್ಟರ್ ಸರ್ಕ್ಯುಲರ್ ಹೇಳತ್ತೆ.

ಮೊರಟೋರಿಯಂ ಹಾಕೋಣ್ವಾ ಅಂತ ಕಮಲಕ್ಕನ ಮಗಳು ಕೇಳಿದ್ಲು, ಎಲ್ಲೋ ಓದಿದ್ಲಂತೆ. ಅದು 60 ತಿಂಗಳು ಬಿಡದೆ ಪಾಲಿಸಿ ನಡೆದ ಮೇಲೆ ಅನ್ವಯಿಸೋ ನಿಯಮ, ಆಮೇಲೆ ಮೋಸ ಸಾಬೀತಾದ್ರೆ ಮಾತ್ರ ಕಂಪನಿ ತಕರಾರು ಎತ್ತಬಹುದು. ಇವರದ್ದು 31 ತಿಂಗಳಷ್ಟೆ, ಅನ್ವಯಿಸದ ನಿಯಮ ಹಾಕಿದ್ರೆ ಗಟ್ಟಿ ವಾದಾನೂ ಸಡಿಲ ಕಾಣತ್ತೆ ಅಂತ ಬಿಟ್ವಿ.

ಇಮೇಲ್ ಜೊತೆ ರಿಜಿಸ್ಟರ್ಡ್ ಪೋಸ್ಟೂ ಮಾಡಿಸಿದೆ. ಕಂಪನಿ ಒಪ್ಪದಿದ್ರೆ, ಇಲ್ಲಾ ಒಂದು ತಿಂಗಳು ಉತ್ತರಾನೇ ಕೊಡದಿದ್ರೆ ಪುಣೆಯಲ್ಲೇ ಇರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗೋದು, ಫೀಸ್ ಇಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಹೋಗ್ಬೇಕು ಅಂತ ಹೇಳಿದ್ದೆ. ಅಲ್ಲಿಗೆ ಹೋಗೋ ಪ್ರಸಂಗ ಬರ್ಲಿಲ್ಲ. ಕಂಪನಿ ಒಂದು ಸಲ ಫ್ಯಾಮಿಲಿ ಡಾಕ್ಟರ್‌ಗೆ ಫೋನ್ ಮಾಡಿ ವಿಚಾರಿಸ್ತು, ಗ್ಲೌಸು ಅದು ಇದು ಕಳೆದು 2,71,000 ಅಕೌಂಟಿಗೆ ಬಂತು.

ಜುಲೈಯಲ್ಲಿ ತಮ್ಮನೇ ಫೈಲ್ ಹಿಡ್ಕೊಂಡು ಬಂದ, ಬೇರೆ ಕಂಪನಿಗೆ ಪೋರ್ಟ್ ಮಾಡಿಸ್ಬೇಕು ಅಂತ. ಫಾರ್ಮ್‌ನಲ್ಲಿ ಬಿಪಿ ಆಗಸ್ಟ್ 2024 ರಿಂದ, ಸ್ಟೆಂಟ್ ಫೆಬ್ರವರಿ 2025 ಅಂತ ನೀವೇ ಕೈಯಾರೆ ಬರೀರಿ, ಏಜೆಂಟ್ ಕೈಗೆ ಖಾಲಿ ಫಾರ್ಮ್ ಕೊಡ್ಬೇಡಿ, ಹೊಸ ಕಂಪನಿ ಒಪ್ಪೋ ತನಕ ಹಳೇದನ್ನ ಬಿಡ್ಬೇಡಿ ಅಂದೆ. ಅಲ್ಲೇ ಕೂತು ಬರೆದ, ತಿಂಗಳನ್ನ ಅಂಕೀಲಿ ಹಾಕ್ದೆ ಅಕ್ಷರದಲ್ಲಿ ಬರೆದ.