‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಮುಗಿದ ಒಂದು ದೂರು ಪತ್ರ

ಬಾಡಿಗೆ ಮನೆಯ ತಕರಾರು ಅಂತ ಹೇಳಿಕೊಂಡು ಯಾರೂ ಆಪ್ತಸಲಹೆಗೆ ಬರುವುದಿಲ್ಲ. ನಿದ್ದೆ ಬರ್ತಿಲ್ಲ, ಸಿಟ್ಟು ಜಾಸ್ತಿ ಆಗಿದೆ, ಗಂಡನ ಜೊತೆ ದಿನಾ ಜಗಳ ಅಂತ ಬರುತ್ತಾರೆ. ಮಾತಾಡುತ್ತಾ ಹೋದಂತೆ ಮನೆ ಓನರ್ ವಿಷಯ ಹೊರಬರುತ್ತದೆ. ಮೈಸೂರಿನಲ್ಲಿ ಓನರ್ ಮೇಲೆ, ಬಾಡಿಗೆಯವರು ಕೆಳಗೆ ಇರುವ ಮನೆಗಳೇ ಹೆಚ್ಚು. ಗೇಟಿನಲ್ಲಿ ದಿನಾ ಮುಖ ನೋಡಬೇಕು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತು ದಾಟಿದೆ. ಕುವೆಂಪುನಗರದ ಕಡೆ ಮನೆ, ಗಂಡ ಖಾಸಗಿ ಕೆಲಸದಲ್ಲಿದ್ದಾರೆ, ಮಗಳು ಎರಡನೇ ಕ್ಲಾಸು. ಓನರ್ ನಿವೃತ್ತರು. ಅವರನ್ನು ಈಕೆ ‘ಅಂಕಲ್’ ಎನ್ನುತ್ತಾರೆ. ಹಬ್ಬಕ್ಕೆ ಒಬ್ಬರ ಮನೆಯ ಒಬ್ಬಟ್ಟು ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೀಗಿದ್ದವರ ನಡುವೆ ಕೆಲವು ವಾರಗಳಿಂದ ಮಾತು ನಿಂತಿತ್ತು. ಕಾರಣ ಒಂದು ಪತ್ರ. ಎರಡನೇ ಭೇಟಿಯಲ್ಲಿ ಅದರ ಫೋಟೋ ತೋರಿಸಿದರು.

“ಮಾನ್ಯರೇ, ನಿಮ್ಮ ಮನೆಯಲ್ಲಿ ನಾವು ಬಹಳ ದಿನಗಳಿಂದ ತೊಂದರೆ ಅನುಭವಿಸುತ್ತಿದ್ದೇವೆ. ಎಷ್ಟು ಸಲ ಹೇಳಿದರೂ ನೀವು ಕಿವಿಗೆ ಹಾಕಿಕೊಂಡಿಲ್ಲ. ಬಾಡಿಗೆ ಮಾತ್ರ ತಪ್ಪದೆ ತೆಗೆದುಕೊಳ್ಳುತ್ತೀರಿ. ನಾವೂ ಮನುಷ್ಯರೇ. ಇನ್ನು ಮುಂದೆಯಾದರೂ ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ.”

ಪತ್ರದಲ್ಲಿ ಇದ್ದದ್ದು ಇಷ್ಟೇ, ತಾರೀಖೂ ಇರಲಿಲ್ಲ. ಓದಿದ ಓನರ್, “ಅಷ್ಟು ತೊಂದರೆ ಇದ್ರೆ ಬೇರೆ ಮನೆ ನೋಡ್ಕೊಳ್ಳಿ” ಎಂದಿದ್ದರು.

ನಾನು ಆಕೆಗೆ ಹೇಳಿದೆ: “ನಾನೇ ಓನರ್ ಅಂತ ಇಟ್ಕೊಳ್ಳಿ. ನಿಮ್ಮ ಪತ್ರ ಓದಿದೆ, ಸರಿ ಮಾಡಿಸೋಣ ಅಂತ ಮನಸ್ಸೂ ಬಂತು. ನಾಳೆ ಬೆಳಿಗ್ಗೆ ಯಾರಿಗೆ ಫೋನ್ ಮಾಡ್ಲಿ? ಪ್ಲಂಬರ್‌ಗಾ, ಪೇಂಟರ್‌ಗಾ, ಎಲೆಕ್ಟ್ರಿಷಿಯನ್‌ಗಾ?”

“ಅವರಿಗೆ ಗೊತ್ತು ಮೇಡಂ.”

“ನನಗೆ ಗೊತ್ತಿಲ್ಲ. ನೀವೇ ಹೇಳಿ.”

ಆಗ ಬಂತು ನಿಜವಾದ ವಿಷಯ. ಮಗಳು ಮಲಗುವ ಕೋಣೆಯ ಗೋಡೆ ಒದ್ದೆಯಾಗುತ್ತಿದೆ. ಪುಟ್ಟಿ ಉಬ್ಬಿ ಉದುರುತ್ತಿದೆ, ಬಿಳಿ ಉಪ್ಪಿನಂಥ ಪುಡಿ ಬರುತ್ತಿದೆ, ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿದಿದೆ. ಮಗುವಿಗೆ ರಾತ್ರಿ ಕೆಮ್ಮು. ಯಾವಾಗಿಂದ ಎಂದು ಕೇಳಿದೆ. ದಸರಾ ರಜೆ ಮುಗಿದ ಮೇಲೆ ಮೊದಲು ಕಂಡಿದ್ದು, ಸಂಕ್ರಾಂತಿ ಹೊತ್ತಿಗೆ ಮೊಣಕಾಲೆತ್ತರದಿಂದ ಕಿಟಕಿಯವರೆಗೂ ಹರಡಿತ್ತು ಎಂದರು. ಆಮೇಲೆ ತಾವಾಗೇ ಸೇರಿಸಿದರು: “ಅವರು ಊರಿಗೆ ಹೋದಾಗ ಒಣಗುತ್ತೆ ಮೇಡಂ. ಬಂದ ಮೇಲೆ ಮತ್ತೆ ಒದ್ದೆ.”

ಈ ಮಾತಿಗೆ ಬೆಲೆ ಇದೆ. ಮಳೆಯ ನೀರಾದರೆ ಜನವರಿಯಲ್ಲಿ ಗೋಡೆ ಒಣಗಬೇಕು. ಟ್ಯಾಂಕಿನಿಂದ ಬರುವ ಪೈಪು ಒಡೆದಿದ್ದರೆ ಮೇಲೆ ಜನ ಇರಲಿ ಬಿಡಲಿ, ಪೈಪಿನಲ್ಲಿ ನೀರು ನಿಂತೇ ಇರುವುದರಿಂದ ಜಿನುಗುವುದು ನಿಲ್ಲುವುದಿಲ್ಲ. ಸ್ನಾನ ಮಾಡಿದಾಗ ಮಾತ್ರ ಜಾಸ್ತಿಯಾಗಿ, ಯಾರೂ ಇಲ್ಲದಾಗ ಒಣಗುತ್ತದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಮೇಲಿನ ಬಾತ್‌ರೂಮಿನ ನೆಲದ ಟೈಲ್ಸ್ ಸಂದಿ, ಇಲ್ಲವೇ ನೀರು ಹೊರಹೋಗುವ ಕಡೆಯ ಬಿರುಕು. ಬರೀ ಪೇಂಟ್ ಹೊಡೆಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಉದುರುತ್ತದೆ. ಯಾವಾಗ ಒದ್ದೆ, ಯಾವಾಗ ಒಣ ಎಂದು ಪತ್ರದಲ್ಲಿ ಇದ್ದಿದ್ದರೆ ಅದು ಮೇಸ್ತ್ರಿಗೂ ದಾರಿ ತೋರಿಸುತ್ತಿತ್ತು.

“ಇದನ್ನೇ ಯಾಕೆ ಬರೀಲಿಲ್ಲ?” ಎಂದೆ. ಅವರು ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ಎಳೆಯುತ್ತಾ ಕೂತರು. ಆಮೇಲೆ ಹೇಳಿದರು: “ಇದು ಮಾಡಿಸಿ ಕೊಡಿ ಅಂತ ಕೇಳಿದ್ರೆ ಆಗಲ್ಲ ಅಂತಾರೆ. ಕೇಳದೇ ಇದ್ರೆ ಆಗಲ್ಲ ಅನ್ನೋಕೆ ಆಗಲ್ವಲ್ಲ. ಅಡ್ವಾನ್ಸ್ ಒಂದು ಲಕ್ಷ ಅವರ ಹತ್ರ ಇದೆ ಮೇಡಂ.”

ಇಂಥ ಪತ್ರಗಳಲ್ಲಿ ಬಿಟ್ಟುಹೋಗುವುದು ಯಾವಾಗಲೂ ಇದೇ ಮೂರು: ಏನಾಗಿದೆ, ಯಾವಾಗಿಂದ, ಏನು ಬೇಕು. ಬರೆಯಲು ಬಾರದೆ ಬಿಟ್ಟದ್ದು ಎಂದು ನನಗೆ ಅನ್ನಿಸುವುದಿಲ್ಲ. ‘ಇಲ್ಲ’ ಎನ್ನಿಸಿಕೊಳ್ಳುವ ಭಯ ಅವನ್ನು ಬಿಡಿಸುತ್ತದೆ. ಆ ಖಾಲಿ ಜಾಗಕ್ಕೆ ಸಿಟ್ಟು ಬಂದು ಕೂರುತ್ತದೆ. ಓದುವವರಿಗೆ ಕಾಣುವುದು ಸಿಟ್ಟು ಮಾತ್ರ. ಅವರು ಉತ್ತರ ಕೊಡುವುದೂ ಸಿಟ್ಟಿಗೇ.

ಅಲ್ಲೇ ಕೂತು ಹೊಸ ಪತ್ರ ಬರೆಸಿದೆ. ಇದು ಆಪ್ತಸಲಹೆಗಾರರ ಕೆಲಸವೇ ಅಲ್ಲ, ಆಕೆಯ ಆತಂಕದ ಮೇಲೆ ಕೆಲಸ ಮಾಡಬೇಕಿತ್ತು ಎಂದು ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಮಗು ಕೆಮ್ಮುವ ಕೋಣೆ ಒಣಗದೆ ತಾಯಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಏನು ಬಂತು? ಬೇಕಾದ್ದನ್ನು ಹೆಸರಿಟ್ಟು ಕೇಳುವುದನ್ನು ಆಕೆ ಎಲ್ಲಾದರೂ ಒಂದು ಕಡೆ ಶುರು ಮಾಡಲೇಬೇಕಿತ್ತು. ಸಿಟ್ಟನ್ನು ನುಂಗಲು ಹೇಳಲಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದು ನನಗೆ ಓದಿ ಹೇಳಿ ಎಂದೆ.

ಹೊಸ ಪತ್ರ ಹೀಗಿತ್ತು: “ಅಂಕಲ್, ಮಗಳ ಕೋಣೆಯ ಪೂರ್ವದ ಗೋಡೆ ಅಕ್ಟೋಬರ್ ಕೊನೆಯಿಂದ ಒದ್ದೆಯಾಗುತ್ತಿದೆ. ನವೆಂಬರ್‌ನಲ್ಲಿ ಮತ್ತು ಸಂಕ್ರಾಂತಿಯ ಮರುದಿನ ನಿಮಗೆ ಬಾಯಲ್ಲಿ ಹೇಳಿದ್ದೆ. ನೀವು ಊರಿಗೆ ಹೋದಾಗ ಒಣಗುತ್ತದೆ, ಆದ್ದರಿಂದ ಮೇಲಿನ ಬಾತ್‌ರೂಮಿನ ನೆಲದಿಂದ ಇಳಿಯುತ್ತಿರಬಹುದು. ಫೋಟೋ ಇಟ್ಟಿದ್ದೇನೆ. 15 ದಿನದೊಳಗೆ ಪ್ಲಂಬರ್ ಕರೆಸಿ ತೋರಿಸಿ, ಸೋರುವುದನ್ನು ನಿಲ್ಲಿಸಿಕೊಡಬೇಕು. ಶನಿವಾರ, ಭಾನುವಾರ ನಾವು ಮನೆಯಲ್ಲೇ ಇರುತ್ತೇವೆ.” ಕೆಳಗೆ ತಾರೀಖು, ಸಹಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಓನರ್ ಸಹಿ ಕೇಳಿ, ಅವರು ಹಾಕದಿದ್ದರೆ ಅದೇ ಪತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ ಎಂದೆ.

ಗಂಡ, ಬಾಡಿಗೆ ನಿಲ್ಲಿಸಿಬಿಡೋಣ ಎನ್ನುತ್ತಿದ್ದರು. ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಬಾಡಿಗೆ ನಿಂತರೆ ಮಾತು ಗೋಡೆಯನ್ನು ಬಿಟ್ಟು ಬಾಕಿಯ ಕಡೆ ಹೋಗುತ್ತದೆ, ಮನೆ ಬಿಡಿಸಲು ಓನರ್‌ಗೆ ಕಾರಣವೂ ಸಿಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಒಂದು ದಾರಿ ಇದೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ನ್ಯಾಯವಾದ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ. ತಿಳಿಸಿದ್ದಕ್ಕೆ ಸಾಕ್ಷಿಯೂ ಬೇಕು. “ಸೂಕ್ತ ಕ್ರಮ ಕೈಗೊಳ್ಳಿ” ಎಂಬ ಮೊದಲ ಪತ್ರ ಇಟ್ಟುಕೊಂಡು ಯಾವ ರಿಪೇರಿ ತಿಳಿಸಿದ್ದೆ ಎಂದು ಆಕೆ ತೋರಿಸುತ್ತಿದ್ದರು? ಹಾಗಾಗಿ ಕರಾರು ಪತ್ರ ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ ಎಂದೆ. ಅಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಈ ಹೊಸ ಪತ್ರದಲ್ಲಿ ಕೋರ್ಟಿನ ಮಾತು ಎತ್ತಬೇಡಿ ಎಂದೂ ಹೇಳಿದೆ. ಅದೇ ಗೇಟಿನಲ್ಲಿ ದಿನಾ ಮುಖ ನೋಡಬೇಕಾದವರು ಅವರು.

ಪತ್ರ ಕೊಟ್ಟ ವಾರದಲ್ಲೇ ಓನರ್ ಪ್ಲಂಬರ್ ಕರೆಸಿದರು. “ಗೋಡೆ ವಿಷಯನಾ? ನಾನು ಮೋಟಾರ್ ಸದ್ದಿನ ಗಲಾಟೆ ಅಂದ್ಕೊಂಡೆ ಕಣಮ್ಮ” ಎಂದರಂತೆ. ಬಾತ್‌ರೂಮಿನ ಸಂದಿಗಳನ್ನು ಕೆರೆದು ಮತ್ತೆ ತುಂಬಿಸಿದರು. ಆದರೆ ಕೆಳಗಿನ ಗೋಡೆಯ ಪೇಂಟು ನಿಮ್ಮದೇ ಖರ್ಚು ಎಂದುಬಿಟ್ಟರು. ಆಕೆ ಇನ್ನೊಂದು ಪತ್ರ ಬರೆದಿದ್ದಾರೆ. ಈ ಸಲ ಕರಡು ನನಗೆ ತೋರಿಸಲಿಲ್ಲ, ಕೊಟ್ಟ ಮೇಲೆ ಹೇಳಿದರು. ಗೋಡೆ ಪೂರ್ತಿ ಒಣಗಿದ ಮೇಲೆ ಪೇಂಟ್ ಮಾಡಿಸುವುದು, ಖರ್ಚು ಅರ್ಧ ಅರ್ಧ, ಯುಗಾದಿಯೊಳಗೆ ಉತ್ತರ ಬೇಕು ಎಂದು ಬರೆದಿದ್ದಾರೆ. ಓನರ್ ಇನ್ನೂ ಹೂಂ ಎಂದಿಲ್ಲ.