ಹೊಟ್ಟೆಯಲ್ಲಿ ಉಳಿದ 14%, ಪಿತ್ತಕೋಶದಿಂದ ಹೊರಬಿದ್ದ 31%

ಪ್ರಶ್ನೆ: ನನಗೆ 38 ವರ್ಷ. ಆರು ತಿಂಗಳಿಂದ ವಾಕರಿಕೆ, ಮೇಲ್ಹೊಟ್ಟೆ ನೋವು. ಅಲ್ಟ್ರಾಸೌಂಡ್‌ನಲ್ಲಿ ಕಲ್ಲಿಲ್ಲ. ಹೊಟ್ಟೆ ಖಾಲಿಯಾಗುವ ಸ್ಕ್ಯಾನ್‌ನಲ್ಲಿ 2 ಗಂಟೆಗೆ 52%, 4 ಗಂಟೆಗೆ 14% ಬಂದಿದೆ. ಒಂದು ವಾರದ ನಂತರ ಹಾಲು, ಚಾಕೊಲೇಟ್ ಕೊಟ್ಟು ಮಾಡಿದ ಹೈಡಾ ಸ್ಕ್ಯಾನ್‌ನಲ್ಲಿ ಪಿತ್ತಕೋಶದ್ದು 31%. ನೋವಿಗೆ ಆಗಾಗ ಟ್ರಮಡಾಲ್ ಮಾತ್ರೆ ತಗೊಳ್ತೇನೆ, ಎರಡೂ ಸಲ ಹಿಂದಿನ ರಾತ್ರಿ ತಗೊಂಡಿದ್ದೆ. ಪಿತ್ತಕೋಶ ತೆಗೆಸಿಬಿಡಿ ಅಂತಾರೆ. ತೆಗೆಸಲೇ?

ಉತ್ತರ: ಈಗಲೇ ಬೇಡ. ಮೊದಲು ಈ ಎರಡು ಅಂಕಿಗಳನ್ನು ಸರಿಯಾಗಿ ಓದೋಣ, ಯಾಕೆಂದರೆ ಅವು ಒಂದಕ್ಕೊಂದು ಉಲ್ಟಾ. ಹೊಟ್ಟೆಯ ಅಂಕಿ ಎಷ್ಟು ಊಟ ಒಳಗೇ ಉಳಿದಿದೆ ಎಂದು ಹೇಳುತ್ತದೆ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಪಿತ್ತಕೋಶದ ಅಂಕಿ ಎಷ್ಟು ಪಿತ್ತ ಹೊರಗೆ ಹೋಯಿತು ಎಂದು ಹೇಳುತ್ತದೆ, ಅದು ಜಾಸ್ತಿ ಇರಬೇಕು.

ಹೊಟ್ಟೆಯ ಪರೀಕ್ಷೆಗೆ ಮೊಟ್ಟೆಯ ಬಿಳಿ, ಎರಡು ತುಂಡು ಬ್ರೆಡ್, ಜಾಮ್ ಮತ್ತು ನೀರು ಕೊಡುವುದು ಒಪ್ಪಿತ ಪದ್ಧತಿ. ಮೊಟ್ಟೆಯಲ್ಲಿ ಕ್ಯಾಮೆರಾ ಎಣಿಸಬಲ್ಲ ಟೆಕ್ನೀಷಿಯಂ ಎಂಬ ವಿಕಿರಣಶೀಲ ಪದಾರ್ಥವನ್ನು ಸ್ವಲ್ಪ ಬೆರೆಸಿರುತ್ತಾರೆ. ಆ ಊಟಕ್ಕೆ 2 ಗಂಟೆಯಲ್ಲಿ 60%ವರೆಗೆ, 4 ಗಂಟೆಯಲ್ಲಿ 10%ವರೆಗೆ ಉಳಿದರೆ ಸಹಜ. ಹಾಗಾಗಿ ನಿಮ್ಮ 52% ಸರಿಯೇ ಇದೆ, 14% ಮಾತ್ರ ಅಲ್ಪ ನಿಧಾನದ ಗುಂಪಿಗೆ ಸೇರುತ್ತದೆ. ಎರಡೇ ಗಂಟೆಗೆ ಪರೀಕ್ಷೆ ನಿಲ್ಲಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ನಿಮಗೆ ಇಡ್ಲಿ ಕೊಟ್ಟಿದ್ದರೆ ಈ ಗಡಿಗಳನ್ನು ಹಾಗೇ ಹಚ್ಚಬಾರದು. ಇಡ್ಲಿಗೆ ಆ ಕೇಂದ್ರ ಯಾವ ಗಡಿ ಇಟ್ಟುಕೊಂಡಿದೆ ಎಂದು ಕೇಳಿ.

ಇನ್ನೊಂದು ವಿಷಯ ಕೇಳಲೇಬೇಕು. ಟೆಕ್ನೀಷಿಯಂ ತಾನಾಗಿಯೇ ಕರಗುತ್ತಾ ಹೋಗುತ್ತದೆ, 6 ಗಂಟೆಗೆ ಅರ್ಧವಾಗುತ್ತದೆ. 4 ಗಂಟೆಯ ಹೊತ್ತಿಗೆ ಉಳಿಯುವುದು ಸುಮಾರು 63%. ಆರಂಭದಲ್ಲಿ ಕ್ಯಾಮೆರಾ 1,00,000 ಎಣಿಸಿ, 4 ಗಂಟೆಗೆ 8,820 ಎಣಿಸಿತು ಎಂದುಕೊಳ್ಳಿ. ನೋಡಲು 9% ಕೂಡ ಇಲ್ಲ, ಸಹಜ ಅನ್ನಿಸುತ್ತದೆ. ಆದರೆ 8,820ನ್ನು 0.63ರಿಂದ ಭಾಗಿಸಿದರೆ 14,000, ಅಂದರೆ 14%. ಈ ತಿದ್ದುಪಡಿ ಮರೆತರೆ ನಿಧಾನದ ಹೊಟ್ಟೆಯೂ ಚುರುಕಾಗಿ ಕಾಣುತ್ತದೆ, ಹಾಗಾಗಿ ಅದನ್ನು ಮಾಡಿದ್ದಾರೆಯೇ ಎಂದು ಆ ಕೇಂದ್ರವನ್ನು ಕೇಳಿ.

ಈಗ ಪಿತ್ತಕೋಶ. ಅದು ತುಂಬಿದಾಗ 80,000 ಎಣಿಕೆ ಇದ್ದು, ಹಿಂಡಿದ ಮೇಲೆ 55,200 ಉಳಿದರೆ ಹೋದದ್ದು 24,800, ಅಂದರೆ 31%. ಸಿಸಿಕೆ ಎಂಬ ಹಾರ್ಮೋನನ್ನು ಕೆಜಿಗೆ 0.02 ಮೈಕ್ರೋಗ್ರಾಂನಂತೆ 60 ನಿಮಿಷ ನಿಧಾನವಾಗಿ ಡ್ರಿಪ್‌ನಲ್ಲಿ ಕೊಟ್ಟಾಗ 38%ಗಿಂತ ಕಡಿಮೆ ಬಂದರೆ ಪಿತ್ತಕೋಶ ಮಂದ ಎನ್ನುತ್ತಾರೆ. ಆದರೆ ನಿಮಗೆ ಕೊಟ್ಟಿದ್ದು ಹಾಲು, ಚಾಕೊಲೇಟ್. ಈ 38%ರ ಗಡಿ ಅದಕ್ಕೆ ಹೊಂದುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇಲ್ಲಿದೆ. ಕುಡಿದ ಹಾಲಿನ ಕೊಬ್ಬು ಹೊಟ್ಟೆ ದಾಟಿ ಸಣ್ಣ ಕರುಳಿಗೆ ತಲುಪಿದ ಮೇಲೇ ದೇಹ ತನ್ನದೇ ಸಿಸಿಕೆ ಬಿಡುತ್ತದೆ, ಆಮೇಲೆ ಪಿತ್ತಕೋಶ ಹಿಂಡುತ್ತದೆ. ಹೊಟ್ಟೆಯೇ ನಿಧಾನವಾದರೆ ಆ ಸೂಚನೆ ತಡವಾಗಿ ಹೋಗಬಹುದು. ಆಗ ಪಿತ್ತಕೋಶ ಚೆನ್ನಾಗಿದ್ದರೂ ಕ್ಯಾಮೆರಾ ನಿಲ್ಲುವ ಹೊತ್ತಿಗೆ ಪೂರ್ತಿ ಹಿಂಡಿರುವುದಿಲ್ಲ. ಅದರ ಮೇಲೆ ಟ್ರಮಡಾಲ್ ಬೇರೆ. ಆ ಜಾತಿಯ ಔಷಧಗಳು ಹೊಟ್ಟೆಯನ್ನೂ ನಿಧಾನ ಮಾಡುತ್ತವೆ, ಪಿತ್ತ ಕರುಳಿಗೆ ಇಳಿಯುವ ಬಾಯನ್ನೂ ಬಿಗಿಯುತ್ತವೆ. ಹಾಗಾಗಿ ನಿಮ್ಮ 14% ಮತ್ತು 31% ಎರಡರಲ್ಲೂ ಆ ಮಾತ್ರೆಯ ಪಾಲಿರಬಹುದು. ಈ ಅನುಮಾನ ಇಟ್ಟುಕೊಂಡು ಅಂಗ ತೆಗೆಸುವುದು ಸರಿಯಲ್ಲ.

ನಿಮ್ಮ ವೈದ್ಯರನ್ನು ಕೇಳಿ, ಪರೀಕ್ಷೆಗೆ ಎರಡು ದಿನ ಮೊದಲು ಟ್ರಮಡಾಲ್ ಬಿಟ್ಟು ಎರಡನ್ನೂ ಮತ್ತೆ ಮಾಡಿಸಿ. ತಿಂಗಳುಗಟ್ಟಲೆ ದಿನಾ ತಗೊಳ್ಳುತ್ತಿದ್ದರೆ ಮಾತ್ರ ಸುಮ್ನೆ ನಿಲ್ಲಿಸಬೇಡಿ, ಇಳಿಸುವ ಕ್ರಮ ಅವರೇ ಹೇಳಲಿ. ಡೊಂಪೆರಿಡೋನ್ ತಗೊಳ್ತಿದ್ದರೆ ಅದನ್ನೂ ಹೇಳಿ, ಅದು ಹೊಟ್ಟೆಯನ್ನು ಚುರುಕು ಮಾಡಿ ತೊಂದರೆ ಮುಚ್ಚಿಡುತ್ತದೆ. ಮಧುಮೇಹ ಇದ್ದರೆ ಆ ಬೆಳಗಿನ ಸಕ್ಕರೆ ನೋಡಿಸಿ, ಅದು ತುಂಬಾ ಏರಿದ್ದರೂ ಹೊಟ್ಟೆ ನಿಧಾನವಾಗುತ್ತದೆ. ಹೈಡಾಗೆ ಸಿಸಿಕೆ ಡ್ರಿಪ್ ಸಿಗುವ ಕಡೆ ಹೋಗುವುದು ಒಳ್ಳೆಯದು, ಹೊಟ್ಟೆಯ ನಿಧಾನ ಅಡ್ಡ ಬರುವುದಿಲ್ಲ.

ಅಷ್ಟರಲ್ಲಿ ನೋವು ಬಂದ ಹೊತ್ತು, ಎಷ್ಟು ಹೊತ್ತು ಇತ್ತು ಎಂದು ಬರೆದಿಡಿ. ಪಿತ್ತಕೋಶದ ನೋವು ಮೇಲ್ಹೊಟ್ಟೆಯಲ್ಲಿ ಅಥವಾ ಬಲಪಕ್ಕೆಯ ಕೆಳಗೆ ಏರಿ ಅರ್ಧ ಗಂಟೆಗೂ ಹೆಚ್ಚು ಒಂದೇ ಸಮ ನಿಲ್ಲುತ್ತದೆ, ಆಮೇಲೆ ಕೆಲವು ದಿನ ಏನೂ ಇರದೇ ಇರಬಹುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ದಿನಾ ವಾಕರಿಕೆ ಬರುತ್ತಿದ್ದರೆ ಅದು ಹೊಟ್ಟೆಯ ಕಡೆ ಬೆರಳು ತೋರಿಸುತ್ತದೆ. ಹೊಸ ಸ್ಕ್ಯಾನ್‌ನಲ್ಲಿ ಸಿಸಿಕೆ ಕೊಟ್ಟಾಗಲೂ 38%ಗಿಂತ ಕೆಳಗೆ ಬಂದು, ನೋವೂ ಮೇಲೆ ಹೇಳಿದ ಪಿತ್ತಕೋಶದ ನೋವಿನಂತೆಯೇ ಇದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಬಲ ಬರುತ್ತದೆ. ಜ್ವರ, ಕಣ್ಣು ಹಳದಿಯಾಗುವುದು ಅಥವಾ ನಿಲ್ಲದ ವಾಂತಿ ಕಂಡರೆ ಮಾತ್ರ ಸ್ಕ್ಯಾನಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.