5,5 ಬಂದರೂ ಕೆಲಸ ತಡ, ಟೀಮಿಗೂ ಬೇಸರ

"ಮ್ಯಾನೇಜೀರಿಯಲ್ ಗ್ರಿಡ್‌ನಲ್ಲಿ ನನಗೆ 5,5 ಬಂತು. ಜನ, ಕೆಲಸ ಎರಡನ್ನೂ ಸರಿದೂಗಿಸ್ತಿದೀನಿ. ಆದ್ರೂ ವಾರದ ರಿಪೋರ್ಟ್ ತಡ, ಟೀಮಿಗೂ ಅಸಮಾಧಾನ. ಎಲ್ಲಿ ತಪ್ತಿದೆ?"

ಬಹುಶಃ ಆ 5,5ರಲ್ಲೇ. ಮ್ಯಾನೇಜರ್ ಶೈಲಿಯನ್ನು ಎರಡು ಅಂಕಿಗಳಲ್ಲಿ ತೋರಿಸುವ ಬ್ಲೇಕ್ ಮತ್ತು ಮೌಟನ್ ಅವರ ಈ ಗ್ರಿಡ್‌ನಲ್ಲಿ ಮೊದಲ ಅಂಕಿ ಕೆಲಸದ ಕಾಳಜಿ, ಎರಡನೆಯದು ಜನರ ಕಾಳಜಿ. ಎರಡೂ 1ರಿಂದ 9ರವರೆಗೆ ಬೇರೆಬೇರೆಯಾಗಿ ಏರುತ್ತವೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದಿಲ್ಲ. 5,5 ಅಂದರೆ ಎರಡರಲ್ಲೂ ರಾಜಿ.

ಶುಕ್ರವಾರ ರಿಪೋರ್ಟ್ ಹೋಗಬೇಕು, ಅವತ್ತೇ ಒಬ್ಬರಿಗೆ ರಜೆ ಬೇಕು ಅಂದುಕೊಳ್ಳಿ. 9,1 ಮ್ಯಾನೇಜರ್ ರಜೆ ಕೊಡಲ್ಲ. 1,9 ರಜೆ ಕೊಟ್ಟು ರಿಪೋರ್ಟ್ ಕೈಬಿಡ್ತಾರೆ. 5,5 ಅರ್ಧ ದಿನ ರಜೆ ಕೊಟ್ಟು ಗಡುವನ್ನು ಸೋಮವಾರಕ್ಕೆ ತಳ್ಳುತ್ತಾರೆ. ರಜೆಯೂ ಪೂರ್ತಿಯಿಲ್ಲ, ರಿಪೋರ್ಟೂ ಹೋಗಿಲ್ಲ.

ಎರಡೂ ಕಾಳಜಿ ಪೂರ್ತಿ ಇರುವ 9,9 ಕಡೆ ಹೋಗಲು ಮೊದಲು ಕಳೆದ ನಾಲ್ಕು ವಾರ ರಿಪೋರ್ಟ್ ಯಾರ ಬಳಿ ಎಷ್ಟು ಹೊತ್ತು ನಿಂತಿತ್ತು ಅಂತ ಬರೆದುಕೊಳ್ಳಿ. ಆಮೇಲೆ ಆ ಲೆಕ್ಕವನ್ನು ಟೀಮಿನ ಮುಂದಿಡಿ. ಗಡುವು ನೀವು ಹೇಳಿ, ದಾರಿ ಅವರು ಹೇಳಲಿ. ಅಂಕಿಅಂಶ ಗುರುವಾರ ಸಂಜೆ ಕೈಸೇರುವುದೇ ತೊಂದರೆಯಾದರೆ ಬುಧವಾರಕ್ಕೆ ತರಿಸಿ, ರಿಪೋರ್ಟ್ ಮಾಡೋದನ್ನು ಇನ್ನೊಬ್ಬರಿಗೂ ಕಲಿಸಿ. ಆಗ ಪೂರ್ತಿ ರಜೆಯನ್ನೂ ಕೊಡಬಹುದು.

ಜನರೇ ಸಾಲದಿದ್ದರೆ ಮಾತ್ರ ಇದು ಕೆಲಸ ಮಾಡಲ್ಲ. ಆಗ ಅದೇ ಲೆಕ್ಕ ಹಿಡಿದು ಮೇಲಿನವರ ಹತ್ತಿರ ಹೋಗಿ.